ಅಪ್ರೆಂಟಿಸ್ ಕರಾರೋ, ಇಂಟರ್ನ್‌ಶಿಪ್ ಪತ್ರವೋ: ಸಹಿ ಹಾಕುವ ಮುಂಚೆ ನೋಡಬೇಕಾದದ್ದು

ಮುಧೋಳದಿಂದ ನಮ್ಮ ಅಕ್ಕನ ಮಗ ಬಂದಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ತಿಂಗಳಾಗಿತ್ತು. ಕೈಯಲ್ಲಿ ಎರಡು ಪತ್ರ. ಒಂದು ಇಲ್ಲೇ ಬೆಳಗಾವಿಯ ಉದ್ಯಮಬಾಗದ ಮಷಿನ್ ಶಾಪಿನದು. ಅದರಲ್ಲಿ 12 ತಿಂಗಳ 'ಇಂಡಸ್ಟ್ರಿಯಲ್ ಇಂಟರ್ನ್‌ಶಿಪ್', ತಿಂಗಳಿಗೆ 10,000 ರೂಪಾಯಿ ಅಂತ ಇತ್ತು. ಇನ್ನೊಂದರಲ್ಲಿ ಟೆಕ್ನಿಷಿಯನ್ ಅಪ್ರೆಂಟಿಸ್, ಒಂದು ವರ್ಷ, 8,000 ರೂಪಾಯಿ.

"ಮಾಮಾ, ಎರಡು ಸಾವಿರ ಜಾಸ್ತಿ ಐತಿ. ಇದರಾಗ ವಿಚಾರ ಮಾಡೋದೇನೈತಿ?" ಅಂದ.

ವಿಚಾರ ಮಾಡುವುದು ಬಹಳ ಇತ್ತು. ನಾನು ಕಾರ್ಖಾನೆಯೊಂದರಲ್ಲಿ ಟ್ರೇನಿಂಗ್ ಕಾಗದಪತ್ರ ನೋಡಿಕೊಳ್ಳುವವನು. ಇಂಥ ಪತ್ರಗಳು ದಿನಾ ಕಣ್ಣಿಗೆ ಬೀಳುತ್ತವೆ. ಜೊತೆಗೆ, ಇದೇ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದವನು ಕೂಡ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಒಂದಕ್ಕೆ ಕಾಯ್ದೆ ಇದೆ, ಇನ್ನೊಂದಕ್ಕೆ ಇಲ್ಲ

ಅಪ್ರೆಂಟಿಸ್ ಅನ್ನುವುದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಸರ್ಕಾರಿ ಕಾಗದದಲ್ಲಿ 'ಶಿಶಿಕ್ಷು' ಅಂತ ಬರೆಯುತ್ತಾರೆ, ಆ ಪದ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಕರಾರು ಎಲ್ಲಿ ನೋಂದಣಿ ಆಗಬೇಕು, ಗಾಯವಾದರೆ ಯಾರ ಹೊಣೆ, ಮಧ್ಯದಲ್ಲಿ ಬಿಟ್ಟರೆ ಏನು, ಎಲ್ಲವೂ ಅದರಲ್ಲಿ ಮತ್ತು ಅದರ ನಿಯಮಗಳಲ್ಲಿ ಇದೆ.

ಇಂಟರ್ನ್‌ಶಿಪ್‌ಗೆ ಅಂಥ ಒಂದು ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಕಾಲೇಜಿನ ಪಠ್ಯಕ್ರಮ, ಎಐಸಿಟಿಇಯ ಮಾರ್ಗಸೂಚಿ, ಕಂಪನಿ ಕೊಟ್ಟ ಪತ್ರ, ಇಷ್ಟರ ಮೇಲೆ ಅದು ನಿಂತಿರುತ್ತದೆ. ಕನಿಷ್ಠ ಸ್ಟೈಪೆಂಡ್ ಅನ್ನುವುದೂ ಇಲ್ಲ. ಇಪ್ಪತ್ತು ಸಾವಿರವನ್ನೂ ಕೊಡಬಹುದು, ಬರೀ ಚಹಾ ಕುಡಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಲೂಬಹುದು.

ಹಾಗಂತ ಇಂಟರ್ನ್‌ಶಿಪ್ ಕೆಟ್ಟದ್ದೇನಲ್ಲ. ಓದುತ್ತಿರುವಾಗ ಅದಕ್ಕೆ ಅದರದ್ದೇ ಜಾಗ ಇದೆ. ಕರ್ನಾಟಕದ ಡಿಪ್ಲೊಮಾ ಸಿ-20 ಪಠ್ಯಕ್ರಮದ ಆರನೇ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್ ಅಥವಾ ಪ್ರಾಜೆಕ್ಟ್ ಬರುತ್ತದೆ. ಐಟಿಐಯಲ್ಲೂ ವರ್ಷಕ್ಕೆ 150 ಗಂಟೆಯ ಆನ್ ದಿ ಜಾಬ್ ಟ್ರೇನಿಂಗ್ ಅಥವಾ ಪ್ರಾಜೆಕ್ಟ್ ಇದೆ. ಅಂಕ ಸಿಗುತ್ತದೆ, ಕಾರ್ಖಾನೆಯ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಫೌಂಡ್ರಿಯ ಧೂಳು ನಿಮಗೆ ಒಗ್ಗುತ್ತದಾ, ಸಿಎನ್‌ಸಿ ಮುಂದೆ ಎಂಟು ಗಂಟೆ ನಿಲ್ಲಲು ಆಗುತ್ತದಾ ಅಂತ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಅಲ್ಲಿ ರೊಕ್ಕ ಬರಲಿಲ್ಲ ಅಂತ ನಾನು ಯಾರಿಗೂ ಬೇಡ ಅನ್ನುವುದಿಲ್ಲ.

ತೊಂದರೆ ಶುರುವಾಗುವುದು ಪಾಸಾದ ಮೇಲೆ. ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇರುವ ಹುಡುಗನಿಗೆ 'ಇಂಟರ್ನ್', 'ಟ್ರೇನಿ', 'ಲರ್ನರ್' ಅಂತ ಏನಾದರೂ ಹೆಸರು ಕೊಟ್ಟು ಪೂರಾ ಕೆಲಸ ಮಾಡಿಸುತ್ತಾರಲ್ಲ, ಆ ಪತ್ರಗಳ ಬಗ್ಗೆಯೇ ಈ ಬರಹ.

ರೊಕ್ಕದ ಲೆಕ್ಕ

ಅಪ್ರೆಂಟಿಸ್‌ಗಳ ಕನಿಷ್ಠ ಸ್ಟೈಪೆಂಡ್ ಪಟ್ಟಿಯನ್ನು 2019ರ ಸೆಪ್ಟೆಂಬರ್‌ನಲ್ಲಿ ತಿದ್ದಿದರು. ಅದರ ಪ್ರಕಾರ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಈ ಕನಿಷ್ಠದ ಮೇಲೆ ಶೇ 10 ಸೇರಿಸಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಳಿ ಈ ಇಡೀ ಪಟ್ಟಿಯನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿತು. ಅಂದರೆ 5,000ದಿಂದ 9,000ದವರೆಗೆ ಇರುವ ಪಟ್ಟಿ 6,800ರಿಂದ 12,300ಕ್ಕೆ ಹೋಗಬೇಕು ಅನ್ನುವುದು. ಆದ್ದರಿಂದ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ಅಂಕಿ ಇದೆ ಅಂತ ನೋಡಿ, ಅದನ್ನೇ ಹಿಡಿಯಿರಿ. ನಾನು ಇಲ್ಲಿ 2019ರ ಪಟ್ಟಿಯಲ್ಲೇ ಲೆಕ್ಕ ಹಾಕುತ್ತೇನೆ.

ಇದು ಕೆಳಗಿನ ಮಿತಿ ಮಾತ್ರ. ಕಂಪನಿ ಇದಕ್ಕಿಂತ ಜಾಸ್ತಿ ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಮುಂದಿನ ತಿಂಗಳ 10ನೇ ತಾರೀಕಿನ ಒಳಗೆ ಕೊಡಬೇಕು ಅಂತ ನಿಯಮ ಇದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಪ್ರೆಂಟಿಸ್‌ಗೆ ಪೀಸಿನ ಲೆಕ್ಕದಲ್ಲಿ ರೊಕ್ಕ ಕೊಡುವಂತಿಲ್ಲ. 'ಇಷ್ಟು ಬುಷ್ ತಿರುಗಿಸಿದರೆ ಇಷ್ಟು' ಅನ್ನುವ ಮಾತು ಕಾಯ್ದೆಗೆ ವಿರುದ್ಧ. ಉತ್ಪಾದನೆಯ ಬೋನಸ್ ಯೋಜನೆಗೂ ಅವನನ್ನು ಎಳೆಯುವಂತಿಲ್ಲ. ಯಾಕೆ ಅಂದರೆ ಅವನು ಕಲಿಯಲು ಬಂದವನು. ಪೀಸಿನ ಹಿಂದೆ ಓಡಲು ಶುರು ಮಾಡಿದರೆ ಒಂದೇ ಮಷಿನ್, ಒಂದೇ ಕೆಲಸ, ಅಲ್ಲಿಗೆ ಕಲಿಕೆ ಮುಗಿಯಿತು.

ಸರ್ಕಾರವೂ ಇದರಲ್ಲಿ ಒಂದು ಪಾಲು ಹಾಕುತ್ತದೆ. ಇಲ್ಲಿ ಎರಡು ಯೋಜನೆ ಇವೆ, ಹುಡುಗರು ಕಲಸಿಕೊಳ್ಳುತ್ತಾರೆ. ಐಟಿಐಯವರಿಗೆ ಸಾಮಾನ್ಯವಾಗಿ ಎನ್‌ಎಪಿಎಸ್, ಪೋರ್ಟಲ್ apprenticeshipindia.gov.in. ಅದರಲ್ಲಿ ಸರ್ಕಾರ ಸ್ಟೈಪೆಂಡಿನ ಶೇ 25 ಕೊಡುತ್ತದೆ, ಆದರೆ ತಿಂಗಳಿಗೆ 1,500ಕ್ಕಿಂತ ಜಾಸ್ತಿ ಇಲ್ಲ. ಡಿಪ್ಲೊಮಾ ಮತ್ತು ಪದವಿಯವರಿಗೆ ಎನ್‌ಎಟಿಎಸ್, ಪೋರ್ಟಲ್ nats.education.gov.in. ಅದರಲ್ಲಿ ಸರ್ಕಾರದ ಪಾಲು ಕನಿಷ್ಠ ಸ್ಟೈಪೆಂಡಿನ ಅರ್ಧ. ನಮ್ಮ ರಾಜ್ಯಕ್ಕೆ ಇದನ್ನು ನೋಡುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿ.

ಇದರಿಂದ ಒಂದು ಗೊಂದಲ ಆಗುತ್ತದೆ. ಸರ್ಕಾರದ ಪಾಲು ಈಗ ನೇರವಾಗಿ ಹುಡುಗನ ಖಾತೆಗೆ ಬರುತ್ತದೆ. ಹಾಗಾಗಿ ಐಟಿಐ ಹುಡುಗನಿಗೆ ಕಂಪನಿಯಿಂದ 5,500 ಬಂದು, 1,500 ಬೇರೆ ದಿನ ಬರಬಹುದು. ಮನೆಯವರು '7,000 ಅಂದು 5,500 ಕೊಟ್ಟರು, ಮೋಸ' ಅಂತ ಸಿಟ್ಟಾಗುತ್ತಾರೆ. ಮೋಸ ಇರಲಿಕ್ಕಿಲ್ಲ. ಸರ್ಕಾರದ ಪಾಲು ಬರಲೇ ಇಲ್ಲ ಅಂದರೆ ಮೊದಲು ಎರಡು ಕಡೆ ನೋಡಿ. ಕಂಪನಿ ತನ್ನ ಪಾಲು ಕೊಟ್ಟಿದ್ದನ್ನು ಆ ತಿಂಗಳು ಪೋರ್ಟಲ್‌ನಲ್ಲಿ ಹಾಕಿದೆಯಾ? ನಿಮ್ಮ ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗಿದೆಯಾ? ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ತಪ್ಪು ಎರಡನೆಯದರಲ್ಲೇ. ಶಾಲೆಯಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆಗೆದ ಹಳೆಯ ಖಾತೆಗೆ ಆಧಾರ್ ಕಟ್ಟಿರುತ್ತದೆ. ಸರ್ಕಾರದ ರೊಕ್ಕ ಅಲ್ಲಿ ಹೋಗಿ ಬೀಳುತ್ತಿರುತ್ತದೆ, ಇವನು ಹೊಸ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತಾನೆ.

ಈಗ ಅಳಿಯನ ಹತ್ತು ಸಾವಿರಕ್ಕೆ ಬರೋಣ. ಪತ್ರದ ಎರಡನೇ ಪುಟ ತಿರುವಿದೆ. 10,000ದಲ್ಲಿ 7,500 ಮಾತ್ರ ಸ್ಟೈಪೆಂಡ್. ಉಳಿದ 2,500 'ಹಾಜರಾತಿ ಬೋನಸ್'. ತಿಂಗಳಲ್ಲಿ ಒಂದು ದಿನ ರಜೆ ಹಾಕಿದರೂ ಅದು ಇಲ್ಲ. ಮುಧೋಳದ ಹುಡುಗ ಪಂಚಮಿಗೆ ಊರಿಗೆ ಹೋಗದೇ ಇರುತ್ತಾನಾ? ಜಾತ್ರೆಗೆ? ಅಕ್ಕ ಸುಮ್ನೆ ಬಿಡುತ್ತಾಳಾ? ಅಪ್ರೆಂಟಿಸ್ ಆದರೆ ಸಾಂದರ್ಭಿಕ ರಜೆ ಮತ್ತು ವೈದ್ಯಕೀಯ ರಜೆಯ ದಿನಕ್ಕೆ ಸ್ಟೈಪೆಂಡ್ ಕಡಿತ ಮಾಡುವಂತಿಲ್ಲ.

ಸಮಯ 'ಶಿಫ್ಟ್‌ನ ಅಗತ್ಯದಂತೆ' ಅಂತ ಇತ್ತು. ಆ ಮಷಿನ್ ಶಾಪಿನಲ್ಲಿ ಈಗಾಗಲೇ ಇದ್ದ ಅವನ ಸೀನಿಯರ್‌ಗೆ ಫೋನ್ ಮಾಡಿಸಿದೆ. ಹನ್ನೆರಡು ತಾಸು ಅಂದ. ಲೆಕ್ಕ ಹಾಕಿ. 26 ದಿನ, ದಿನಕ್ಕೆ 12 ತಾಸು ಅಂದರೆ 312 ತಾಸು. ಬೋನಸ್ ಪೂರಾ ಸಿಕ್ಕರೂ ತಾಸಿಗೆ 32 ರೂಪಾಯಿ. ಅಪ್ರೆಂಟಿಸ್ ಕಡೆ ದಿನಕ್ಕೆ 8 ತಾಸು, 208 ತಾಸು, 8,000 ರೂಪಾಯಿ. ತಾಸಿಗೆ 38. ಅಪ್ರೆಂಟಿಸ್ ಕಡೆಯಿಂದ ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್ ಸಲಹಾಧಿಕಾರಿಯ ಒಪ್ಪಿಗೆ ಬೇಕು.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಹುಡುಗ ಸ್ವಲ್ಪ ಮೆತ್ತಗಾದ. "ಆದ್ರೂ ಕೈಗೆ ಬರೋದು ಅಲ್ಲೇ ಜಾಸ್ತಿ ಅಲ್ಲೇನ್ರಿ ಮಾಮಾ?" ಅಂದ. ನಿಜ, ರಜೆ ಹಾಕದೇ ಇದ್ದರೆ ವರ್ಷಕ್ಕೆ 24,000 ಜಾಸ್ತಿ. ರೂಮ್ ಬಾಡಿಗೆ, ಖಾನಾವಳಿ ಕಟ್ಟುವ ಹುಡುಗನಿಗೆ ಅದು ಸಣ್ಣದಲ್ಲ. ಹಾಗಾಗಿ ರೊಕ್ಕದ ಮಾತು ಅಲ್ಲಿಗೆ ಬಿಟ್ಟು ಕರಾರಿನ ಮಾತು ತೆಗೆದೆ.

ಕರಾರು ಅಂದರೆ ಪೋರ್ಟಲ್‌ನಲ್ಲಿ ಇರುವುದು

ಅಪ್ರೆಂಟಿಸ್ ಆಗಬೇಕಾದರೆ ಕಂಪನಿ ಮತ್ತು ಹುಡುಗನ ನಡುವೆ ಕರಾರು ಆಗಬೇಕು. ಹುಡುಗ 18 ತುಂಬದವನಾದರೆ ಅಪ್ಪ ಅಥವಾ ಪೋಷಕರು ಸಹಿ ಹಾಕಬೇಕು. ಆ ಕರಾರಿನ ವಿವರವನ್ನು ಕಂಪನಿ 7 ದಿನದೊಳಗೆ ಪೋರ್ಟಲ್‌ನಲ್ಲಿ ಹಾಕಬೇಕು. ಸಲಹಾಧಿಕಾರಿ ನೋಡಿ ನೋಂದಣಿ ಮಾಡುತ್ತಾರೆ, ಅದಕ್ಕೆ ಅವರಿಗೆ 30 ದಿನದ ಗಡುವು.

ಆದ್ದರಿಂದ ಪತ್ರದ ತಲೆಯ ಮೇಲೆ 'ಅಪ್ರೆಂಟಿಸ್' ಅಂತ ದಪ್ಪ ಅಕ್ಷರದಲ್ಲಿ ಇದ್ದ ಮಾತ್ರಕ್ಕೆ ಅದು ಅಪ್ರೆಂಟಿಸ್ ಆಗುವುದಿಲ್ಲ. ನಿಮ್ಮ ಲಾಗಿನ್‌ನಲ್ಲಿ ಕರಾರು ಕಾಣಬೇಕು. ಸೇರಿ ಒಂದೂವರೆ ತಿಂಗಳಾದರೂ ಅಲ್ಲಿ ಏನೂ ಇಲ್ಲ, ಎಚ್‌ಆರ್‌ನವರು 'ಆಗುತ್ತೆ, ಆಗುತ್ತೆ' ಅನ್ನುತ್ತಿದ್ದಾರೆ ಅಂದರೆ, ಆಗುವುದಿಲ್ಲ ಅಂತಲೇ ತಿಳಿಯಿರಿ. ಹಾಜರಾತಿ ಕಾರ್ಡಿನ ಫೋಟೊ, ಬ್ಯಾಂಕ್‌ಗೆ ಬಂದ ಮೊತ್ತದ ವಿವರ ಇಟ್ಟುಕೊಂಡು ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಅಪ್ರೆಂಟಿಸ್ ಕೆಲಸ ನೋಡುವವರನ್ನು ಕೇಳಿ.

ಕರಾರು ಕಂಡಮೇಲೆ ಅದರಲ್ಲಿ ನೋಡಬೇಕಾದದ್ದು ಬಹಳ ಇಲ್ಲ. ಟ್ರೇಡ್ ಯಾವುದು, ವರ್ಗ ಯಾವುದು, ಶುರು ಮತ್ತು ಕೊನೆಯ ದಿನಾಂಕ ಯಾವುದು, ಸ್ಟೈಪೆಂಡ್ ಎಷ್ಟು. ವರ್ಗದ ಕಡೆ ಜಾಸ್ತಿ ಗಮನ ಕೊಡಿ. ಡಿಪ್ಲೊಮಾ ಹುಡುಗನನ್ನು ಹತ್ತನೇ ತರಗತಿ ಪಾಸಾದವರು ಸೇರಬಹುದಾದ ಟ್ರೇಡ್‌ಗೆ ಹಾಕಿ ಕಡಿಮೆ ಸ್ಟೈಪೆಂಡ್ ತೋರಿಸುವುದು ನಡೆಯುತ್ತದೆ. ನಿಮ್ಮದು ಡಿಪ್ಲೊಮಾ ಆದರೆ 'ಟೆಕ್ನಿಷಿಯನ್ ಅಪ್ರೆಂಟಿಸ್' ಅಂತ ಇರಬೇಕು.

ಬಾಂಡ್ ವಿಷಯ. ಅಳಿಯನ ಇಂಟರ್ನ್‌ಶಿಪ್ ಪತ್ರದಲ್ಲಿ ಎರಡು ಸಾಲು ಇದ್ದವು. ವರ್ಷ ಮುಗಿಯುವ ಮುಂಚೆ ಬಿಟ್ಟರೆ 50,000 ಕಟ್ಟಬೇಕು, ಅಲ್ಲಿಯವರೆಗೆ ಮೂಲ ಮಾರ್ಕ್ಸ್ ಕಾರ್ಡ್ ಕಂಪನಿಯ ಬಳಿ ಇರಬೇಕು. ಕಂಪನಿ ಬಿಡಿಸಿದರೆ ಏನು ಕೊಡುತ್ತದೆ ಅಂತ ಒಂದು ಸಾಲೂ ಇಲ್ಲ. ಅಪ್ರೆಂಟಿಸ್ ಕಾಯ್ದೆಯ ಕರಾರಿನಲ್ಲಿ ಇದು ಎರಡೂ ಕಡೆಗೆ ಇದೆ. ಕಂಪನಿ ತನ್ನ ಮಾತು ತಪ್ಪಿದ್ದರಿಂದ ಕರಾರು ಮುರಿದರೆ ಮೂರು ತಿಂಗಳ ಸ್ಟೈಪೆಂಡಿನಷ್ಟು ಪರಿಹಾರ ಹುಡುಗನಿಗೆ. ಹುಡುಗನಿಂದ ಮುರಿದರೆ ಅಷ್ಟೇ ಮೊತ್ತ ತರಬೇತಿ ಖರ್ಚು ಅಂತ ಅವನಿಂದ ವಸೂಲಿ. 8,000ದ ಲೆಕ್ಕದಲ್ಲಿ 24,000. 'ತರಬೇತಿ ಮುಗಿದ ಮೇಲೆ ನಮ್ಮಲ್ಲೇ ಕೆಲಸ ಮಾಡಬೇಕು' ಅಂತ ಕರಾರಿನಲ್ಲಿ ಬರೆಸಿಕೊಂಡರೆ, ಆಗ ಕೆಲಸ ಕೊಡುವುದೂ ಕಂಪನಿಯ ಮೇಲೆ ಕಟ್ಟುತ್ತದೆ. ಒಂದೇ ಕಡೆ ಹಗ್ಗ ಬಿಗಿಯಲು ಬರುವುದಿಲ್ಲ.

ಮೂಲ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡಿ. ನೋಂದಣಿಗೆ ಸ್ಕ್ಯಾನ್ ಪ್ರತಿ ಸಾಕು. ಅಸಲು ಪ್ರತಿ ನೋಡಲಿ, ನೋಡಿ ವಾಪಸ್ ಕೊಡಲಿ.

ಗಾಯದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪವರ್ ಪ್ರೆಸ್‌ನಲ್ಲಿ, ಗ್ರೈಂಡರ್‌ನಲ್ಲಿ ಬೆರಳು ಹೋದವರನ್ನು ಉದ್ಯಮಬಾಗದಲ್ಲಿ ಯಾರು ನೋಡಿಲ್ಲ? ಕೆಲಸದಲ್ಲಿ ಅಪ್ರೆಂಟಿಸ್‌ಗೆ ಗಾಯವಾದರೆ ಪರಿಹಾರ ಮಾಲೀಕನ ಹೊಣೆ ಅಂತ ಕಾಯ್ದೆಯಲ್ಲೇ ಇದೆ. 'ಇಂಟರ್ನ್' ಅಂತ ಪತ್ರ ಇದ್ದರೆ ಮೊದಲು ನೀವು ಅಲ್ಲಿ ಯಾರಾಗಿ ಇದ್ದಿರಿ ಅನ್ನುವುದನ್ನೇ ಸಾಬೀತು ಮಾಡುತ್ತಾ ಕೂರಬೇಕು.

ಅಪ್ರೆಂಟಿಸ್‌ನಲ್ಲೂ ಇಲ್ಲದ್ದು ಇದೆ, ಅದನ್ನು ಮುಚ್ಚಿಡಬಾರದು. ಕಾಯ್ದೆಯ ಕಣ್ಣಲ್ಲಿ ಅವನು ಕಲಿಯುವವನು, ಕಾರ್ಮಿಕ ಅಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಅದು ಆ ಕಂಪನಿಯ ನೇಮಕ ನೀತಿಗೆ ಬಿಟ್ಟದ್ದು.

ನನ್ನ ಹದಿನಾಲ್ಕು ತಿಂಗಳು

ಡಿಪ್ಲೊಮಾ ಮುಗಿದ ವರ್ಷ ನಾನು ಒಂದು ವರ್ಕ್‌ಶಾಪಿಗೆ 'ಟ್ರೇನಿ' ಅಂತ ಸೇರಿದೆ. ಯಾವುದು ಅಂತ ಹೇಳುವುದಿಲ್ಲ. ಕರಾರು ಇಲ್ಲ, ಪಿಎಫ್ ಇಲ್ಲ, ಕೈಗೆ ಲಕೋಟೆಯಲ್ಲಿ ರೊಕ್ಕ. ಎರಡು ವಾರ ಲೇತ್ ಮುಂದೆ ನಿಲ್ಲಿಸಿದರು, ಆಮೇಲೆ ಡಿಸ್ಪ್ಯಾಚ್‌ಗೆ ಹಾಕಿದರು. ಹದಿನಾಲ್ಕು ತಿಂಗಳು ಚಲನ್ ಬರೆದೆ. ಆಮೇಲೆ ಒಂದು ಸರ್ಕಾರಿ ಸ್ವಾಮ್ಯದ ಸಂಸ್ಥೆಯಲ್ಲಿ ಟೆಕ್ನಿಷಿಯನ್ ಅಪ್ರೆಂಟಿಸ್ ಕರೆದರು. ಅಂಕ ಚೆನ್ನಾಗಿತ್ತು, ಖುಷಿಯಿಂದ ಹೋದೆ. ಅನುಭವ ಎಷ್ಟು ಅಂತ ಕೇಳಿದರು. ಜಂಭದಿಂದ ಆ ವರ್ಕ್‌ಶಾಪಿನ ಸರ್ಟಿಫಿಕೇಟ್ ತೆಗೆದು ಮುಂದಿಟ್ಟೆ. ಅಲ್ಲಿಗೆ ಮುಗಿಯಿತು.

ನಿಯಮ ಹೀಗಿದೆ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಪಾಸಾದ ಮೇಲೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ತರಬೇತಿ ಅಥವಾ ಕೆಲಸದ ಅನುಭವ ಇದ್ದರೆ ಟೆಕ್ನಿಷಿಯನ್ ಅಥವಾ ಗ್ರ್ಯಾಜುಯೇಟ್ ಅಪ್ರೆಂಟಿಸ್ ಆಗಲು ಬರುವುದಿಲ್ಲ. ಸಾರ್ವಜನಿಕ ಸಂಸ್ಥೆಗಳ ಅಪ್ರೆಂಟಿಸ್ ಪ್ರಕಟಣೆಯಲ್ಲಿ ಇದು ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಾಸಾಗುವ ಮುಂಚೆ, ಆರನೇ ಸೆಮಿಸ್ಟರ್‌ನಲ್ಲಿ ಮಾಡಿದ ಇಂಟರ್ನ್‌ಶಿಪ್ ಈ ಲೆಕ್ಕಕ್ಕೆ ಬರುವುದಿಲ್ಲ. ಪಾಸಾದ ಮೇಲಿನದು ಬರುತ್ತದೆ.

ಈಗ ಅಳಿಯನ ಪತ್ರದ '12 ತಿಂಗಳು' ಅನ್ನುವುದನ್ನು ಮತ್ತೆ ಓದಿ. ಆ ವರ್ಷ ಮುಗಿಸಿದ ದಿನ ಅವನು ಅಪ್ರೆಂಟಿಸ್ ಬಾಗಿಲನ್ನು ತಾನೇ ಹಾಕಿಕೊಂಡಂತೆ. ಆರು ತಿಂಗಳ ಪತ್ರವಾಗಿದ್ದರೆ ಬೇರೆ ಮಾತು. ಅಪ್ರೆಂಟಿಸ್ ಮುಗಿಸಿ ಆಮೇಲೆ ಟ್ರೇನಿ ಆಗಿ ಹೋಗಲು ಯಾವ ಅಡ್ಡಿಯೂ ಇಲ್ಲ. ಟ್ರೇನಿ ಮುಗಿಸಿ ಅಪ್ರೆಂಟಿಸ್‌ಗೆ ಬರಲು ಅಡ್ಡಿ ಇದೆ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಮಾತ್ರ ಇದು ಉಲ್ಟಾ. 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಅದರ ನಿಯಮ ಹೀಗಿತ್ತು: ವಯಸ್ಸು 21ರಿಂದ 24, ಒಂದು ವರ್ಷ, ತಿಂಗಳಿಗೆ 5,000, ಸೇರುವಾಗ ಒಮ್ಮೆ 6,000. ಐಟಿಐ, ಡಿಪ್ಲೊಮಾದವರೂ ಅರ್ಜಿ ಹಾಕಬಹುದು. ಆದರೆ ಎನ್‌ಎಪಿಎಸ್ ಅಥವಾ ಎನ್‌ಎಟಿಎಸ್ ಅಪ್ರೆಂಟಿಸ್ ಮುಗಿಸಿದವರಿಗೆ ಇಲ್ಲ. ದೊಡ್ಡ ಕಂಪನಿಯ ಹೆಸರು ಸಿಗುತ್ತದೆ ಅನ್ನುವುದು ನಿಜ. ಆದರೆ ಟ್ರೇಡ್ ಇರುವ ಹುಡುಗ 8,000 ಬಿಟ್ಟು 5,000ಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಬಿಬಿಎ, ಬಿಎ ಮಾಡಿದವರಿಗೆ ಅದು ಹೊಂದಬಹುದು.

ಯುವನಿಧಿಯ ಮಾತು ಅಕ್ಕ ಕೇಳಿದಳು. ಡಿಪ್ಲೊಮಾದವರಿಗೆ ತಿಂಗಳಿಗೆ 1,500 ಬರುತ್ತದಲ್ಲ, ಅಪ್ರೆಂಟಿಸ್ ಆದರೆ ಹೋಗುತ್ತದಾ ಅಂತ. ಹೋಗುತ್ತದೆ, ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುವವರು ಅದಕ್ಕೆ ಅರ್ಹರಲ್ಲ. ಎರಡನ್ನೂ ತೆಗೆದುಕೊಂಡು ಆಮೇಲೆ ನೋಟಿಸ್ ಬರುವುದು ಬೇಡ.

ಐಟಿಐ ಹುಡುಗನಿಗೆ ಲೆಕ್ಕ ಬೇರೆ

ಡಿಪ್ಲೊಮಾದವನಿಗೆ ಅಪ್ರೆಂಟಿಸ್ ಒಂದು ಒಳ್ಳೆ ಆಯ್ಕೆ. ಐಟಿಐಯವನಿಗೆ ಅದು ಬಹುಮಟ್ಟಿಗೆ ಓದಿನ ಉಳಿದ ಅರ್ಧ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡ್‌ನಲ್ಲಿ ಐಟಿಐ ಮುಗಿಸಿದವನಿಗೆ ಸಾಮಾನ್ಯವಾಗಿ ಒಂದು ವರ್ಷ ಅಪ್ರೆಂಟಿಸ್. ಕೊನೆಗೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಹುಡುಗರು ಇದಕ್ಕೆ 'ಎನ್‌ಎಸಿ' ಅನ್ನುತ್ತಾರೆ. ಎಷ್ಟೋ ತಾಂತ್ರಿಕ ಹುದ್ದೆಗಳ ಅರ್ಜಿಯಲ್ಲಿ ಇದಕ್ಕೇ ಒಂದು ಕಾಲಂ ಇರುತ್ತದೆ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಎಷ್ಟು ಹೊಳೆಯುವ ಕಾಗದದಲ್ಲಿ ಇದ್ದರೂ ಆ ಕಾಲಂನಲ್ಲಿ ಕೂರುವುದಿಲ್ಲ.

ರೈಲ್ವೆಯ ಉದಾಹರಣೆ ನೋಡಿ. ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಅದರ ಲೆವೆಲ್-1 ನೇಮಕಾತಿಯಲ್ಲಿ ಶೇ 20 ಜಾಗ ಮೀಸಲು. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಅಪ್ರೆಂಟಿಸ್ ಕರೆದಾಗ ಹತ್ತನೇ ತರಗತಿ ಮತ್ತು ಐಟಿಐ ಅಂಕ ನೋಡಿ ಮೆರಿಟ್ ಪಟ್ಟಿ ಮಾಡುತ್ತಾರೆ. ಬಾಗಲಕೋಟೆ, ವಿಜಯಪುರದ ಹುಡುಗರು ಅರ್ಜಿ ಹಾಕಿ ಸುಮ್ನೆ ಕೂರಬಾರದು, ಅದರ ಜೊತೆಗೆ ಹತ್ತಿರದ ಕಡೆಯೂ ಬಾಗಿಲು ತಟ್ಟಬೇಕು. ಸಾರಿಗೆ ಸಂಸ್ಥೆಯ ಡಿಪೋ ವರ್ಕ್‌ಶಾಪ್, ಹೆಸ್ಕಾಂ, ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಕೂಡಗಿಯ ವಿದ್ಯುತ್ ಸ್ಥಾವರ. ವಿಜಯಪುರದವರು ಒಂದು ನೆನಪಿಡಿ. ನಿಮ್ಮ ಬಸ್ ಡಿಪೋ ಕಲ್ಯಾಣ ಕರ್ನಾಟಕ ಸಾರಿಗೆಯದು, ಬೆಳಗಾವಿ-ಬಾಗಲಕೋಟೆಯದು ವಾಯವ್ಯ ಸಾರಿಗೆಯದು. ಪ್ರಕಟಣೆ ಬೇರೆ ಬೇರೆ ಕಡೆ ಬರುತ್ತದೆ.

ಖಾಸಗಿ ಕಾರ್ಖಾನೆಗೆ ಹೋಗುವಾಗ ಇನ್ನೊಂದು ಅಂಕಿ ಜೇಬಿನಲ್ಲಿ ಇರಲಿ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಜನರ ಶೇ 2.5ರಿಂದ ಶೇ 15ರವರೆಗೆ. ಗುತ್ತಿಗೆ ಕೆಲಸಗಾರರೂ ಈ ಎಣಿಕೆಯಲ್ಲಿ ಬರುತ್ತಾರೆ. 120 ಜನರ ಫೌಂಡ್ರಿ ಅಂದರೆ ಕನಿಷ್ಠ 3, ಹೆಚ್ಚೆಂದರೆ 18. ನಾಲ್ಕರಿಂದ 29 ಜನ ಇರುವ ಸಣ್ಣ ಶೆಡ್‌ಗಳಿಗೆ ಇದು ಅವರ ಇಷ್ಟ. ಅಲ್ಲಿ ಮಾಲೀಕರಿಗೆ ಎಷ್ಟೋ ಸಲ ಪೋರ್ಟಲ್ ಗೊತ್ತೇ ಇರುವುದಿಲ್ಲ. 'ಸಾಹೇಬ್ರೇ, ನೀವು ನನ್ನನ್ನು ಅಪ್ರೆಂಟಿಸ್ ಅಂತ ತೋರಿಸಿದರೆ ತಿಂಗಳಿಗೆ 1,500 ಸರ್ಕಾರ ಹಾಕುತ್ತದೆ' ಅಂತ ಹುಡುಗನೇ ಹೇಳಿ, ಇಂಟರ್ನ್ ಪತ್ರವನ್ನು ಕರಾರಾಗಿ ಬದಲಿಸಿಕೊಂಡ ಉದಾಹರಣೆ ನಮ್ಮ ಓಣಿಯಲ್ಲೇ ಇದೆ. ಆ ಶೆಡ್ಡಿನಲ್ಲಿ ಒಟ್ಟು ಹನ್ನೊಂದು ಜನ.

ಯಾವಾಗ ಅಪ್ರೆಂಟಿಸ್ ಬೇಡ

ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವ ಯೋಚನೆ ಇದ್ದರೆ ಒಂದು ವರ್ಷದ ಕರಾರಿಗೆ ಸಹಿ ಹಾಕಬೇಡಿ. ಸೀಟು ಸಿಕ್ಕ ಕೂಡಲೇ ಬಿಡಬೇಕಾಗುತ್ತದೆ, ಆಗ ಆ ಮೂರು ತಿಂಗಳ ಸ್ಟೈಪೆಂಡಿನ ಮಾತು ಬರುತ್ತದೆ. ಕೆಲವು ಕಂಪನಿಯವರು ಹೋಗಲಿ ಅಂತ ಬಿಟ್ಟುಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಆ ಎರಡು-ಮೂರು ತಿಂಗಳಿಗೆ ಬಾಂಡ್ ಇಲ್ಲದ ಸಣ್ಣ ಇಂಟರ್ನ್‌ಶಿಪ್ ವಾಸಿ.

ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದವರಿಗೂ ನನ್ನ ಸಲಹೆ ಸ್ವಲ್ಪ ಬೇರೆ. ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಆಮೇಲೆ ಕೆಲಸ ಕೊಡುವ ರೂಢಿ ಇದೆ. ಅಲ್ಲಿ ಸರ್ಟಿಫಿಕೇಟ್ ಕೇಳುವುದಕ್ಕಿಂತ ನೀವು ಮಾಡಿದ ಕೆಲಸ ತೋರಿಸಿ ಅನ್ನುವುದೇ ಜಾಸ್ತಿ. ಆ ಮೂರು ತಿಂಗಳು ಮುಗಿದ ಮೇಲೆ 'ಇನ್ನೂ ಮೂರು', ಆಮೇಲೆ 'ಇನ್ನೂ ಮೂರು' ಅಂತ ಎಳೆದರೆ ಮಾತ್ರ ಹುಷಾರಾಗಿ. ಹನ್ನೊಂದನೇ ತಿಂಗಳ ಒಳಗೆ ಒಂದು ತೀರ್ಮಾನಕ್ಕೆ ಬನ್ನಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಒಳ್ಳೆ ಪಗಾರದ ಕೆಲಸವೇ ಸಿಕ್ಕರೆ, ಪಿಎಫ್, ಇಎಸ್‌ಐ ಸಮೇತ ಸಿಕ್ಕರೆ, ಎರಡೂ ಬೇಡ. ಕೆಲಸಕ್ಕೆ ಹೋಗಿ.

ಅಳಿಯ ಅವತ್ತು ರಾತ್ರಿ ನಮ್ಮಲ್ಲೇ ಉಳಿದ. ಬೆಳಿಗ್ಗೆ ಎದ್ದು ಮಷಿನ್ ಶಾಪಿಗೆ ಫೋನ್ ಮಾಡಿ ಮೂರು ವಿಷಯ ಕೇಳಿದ. ಇದನ್ನು ಎನ್‌ಎಟಿಎಸ್‌ನಲ್ಲಿ ನೋಂದಣಿ ಮಾಡುತ್ತೀರಾ, ಮೂಲ ಮಾರ್ಕ್ಸ್ ಕಾರ್ಡ್ ಬೇಕೇ ಬೇಕಾ, ಆರು ತಿಂಗಳಿಗೆ ಇಳಿಸಲು ಬರುತ್ತದಾ. ಆ ಕಡೆಯವರು ಮೊದಲನೆಯದಕ್ಕೇ ದನಿ ಬದಲಿಸಿದರು. ಅಪ್ರೆಂಟಿಸ್ ಪತ್ರದವರಿಗೆ ಒಪ್ಪಿಗೆ ಕಳಿಸಿದ. ಆಮೇಲೆ ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಕಟ್ಟಿದೆ ಅಂತ ನೋಡಿಸಿದ. ಮುಧೋಳದಲ್ಲಿ ಹೈಸ್ಕೂಲಿಗೆ ಹೋಗುವಾಗ ತೆಗೆದ ಖಾತೆಗೇ ಇತ್ತು.